ದಂಗಾದವಳು ಬೇರೆ, ಬೆಚ್ಚಿದವಳು ಬೇರೆ

ಕಳೆದ ತಿಂಗಳು ಹೊನ್ನಾಳಿಗೆ ಹೋದಾಗ ನನ್ನದೊಂದು ಸಣ್ಣಕತೆಯನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಕತೆ ಒಂದು ರೀತಿ ಅವರದ್ದೇ. "ಬರಿ, ಆದ್ರೆ ನನ್ನ ಹೆಸರು ಹಾಕಬ್ಯಾಡ" ಅಂದಿದ್ದರು. ಹಾಗಾಗಿ ಕತೆಯಲ್ಲಿ ಅವರು ಗಿರಿಜಮ್ಮ.

ಚನ್ನಗಿರಿ ಕಡೆಯ ಒಂದು ಹಳ್ಳಿ. ಗಂಡ ತೀರಿಕೊಂಡು ಮೂರು ತಿಂಗಳಾಗಿದೆ. ಇರೋದು ಒಂದು ಎಕರೆ ಹತ್ತು ಗುಂಟೆ ಅಡಿಕೆ ತೋಟ. ಪೌತಿ ಖಾತೆ ಮಾಡಿಸಿಕೊಳ್ಳೋಣ ಅಂತ ಗಿರಿಜಮ್ಮ ಪಹಣಿ ತೆಗೆಸೋಕೆ ಹೋಗುತ್ತಾರೆ. ಕೌಂಟರಿನ ಹುಡುಗ ಹಾಳೆ ಕೊಡುತ್ತಾನೆ. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಗಂಡನ ಹೆಸರಿಲ್ಲ. ಇಷ್ಟು ವರ್ಷ ತೋಟವನ್ನು ಚೇಣಿಗೆ ಹಿಡಿಯುತ್ತಿದ್ದವನ ಹೆಸರಿದೆ. ಚೇಣಿ ಅಂದರೆ ಅಡಿಕೆ ಇನ್ನೂ ಮರದಲ್ಲಿರುವಾಗಲೇ ಆ ವರ್ಷದ ಫಸಲನ್ನು ಒಬ್ಬರಿಗೆ ಗುತ್ತಿಗೆ ಕೊಡೋದು. ಫಸಲಿಗಷ್ಟೇ ಬರುತ್ತಿದ್ದ ಮನುಷ್ಯ ಈಗ ತೋಟದ ಮಾಲೀಕ.

ಅಲ್ಲಿ ನಾನು ಬರೆದಿದ್ದ ಸಾಲು ಇಷ್ಟೇ: "ಗಿರಿಜಮ್ಮ ದಂಗಾದಳು."

ದೊಡ್ಡಮ್ಮ ಕೈ ಎತ್ತಿ ನಿಲ್ಲಿಸಿದರು. "ದಂಗಾಗಿರ್ಲಿಲ್ಲ ಕಣೇ ನಾನು. ಬೆಚ್ಚಿದ್ದೆ."

"ಎರಡೂ ಒಂದೇ ಅಲ್ವಾ ದೊಡ್ಡಮ್ಮ?"

"ಹೆಂಗೆ ಒಂದೇ ಆಗ್ತತೆ? ದಂಗಾಗೋರು ಏನೂ ಗೊತ್ತಿಲ್ದೋರು. ನಂಗೆ ಒಳಗೊಳಗೇ ಗೊತ್ತಿತ್ತು. ತಿಥಿಗೆ ಬಂದಾಗ ಆ ಚೇಣಿಯೋನು ಮುಂದಿನ ಫಸಲಿನ ಮಾತೇ ಎತ್ಲಿಲ್ಲ. ಅವತ್ತಿಂದ ಹೊಟ್ಟೇಲಿ ಏನೋ ಕುಂತಿತ್ತು."

ಕತೆ ಬರೆಯೋ ನನಗೆ ಹೊಳೆಯದೇ ಇದ್ದದ್ದು ಇದು. ಸತ್ಯ ತಟ್ಟನೆ ಹೊರಬೀಳುವ ದೃಶ್ಯದಲ್ಲಿ ನಾವು ಹಾಕುವ ಪದ, ಪಾತ್ರಕ್ಕೆ ಎಷ್ಟು ಆಶ್ಚರ್ಯವಾಯಿತು ಅನ್ನೋದನ್ನು ಮಾತ್ರ ಹೇಳೋದಿಲ್ಲ. ಆ ಕ್ಷಣಕ್ಕೆ ಮೊದಲು ಪಾತ್ರಕ್ಕೆ ಎಷ್ಟು ಗೊತ್ತಿತ್ತು ಅನ್ನೋದನ್ನೂ ಹೇಳಿಬಿಡುತ್ತೆ. ನಾನು "ದಂಗಾದಳು" ಅಂತ ಬರೆದು, ಮೂರು ತಿಂಗಳು ಹೊಟ್ಟೆಯಲ್ಲಿ ಅನುಮಾನ ಇಟ್ಟುಕೊಂಡಿದ್ದ ಹೆಂಗಸನ್ನು ಏನೂ ತಿಳಿಯದವಳನ್ನಾಗಿ ಮಾಡಿದ್ದೆ.

ವಾಪಸ್ ಬಂದ ಮೇಲೆ ಈ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಬೆಚ್ಚು ಅನ್ನೋದು ಅಚ್ಚಗನ್ನಡದ ಪದ. ಹಳಗನ್ನಡದಲ್ಲಿ ಅದು ಬೆರ್ಚು. ಪೆರ್ಚು ಹೋಗಿ ಹೆಚ್ಚು ಆದ ಹಾಗೆ, ಕರ್ಚು ಹೋಗಿ ಕಚ್ಚು ಆದ ಹಾಗೆ, ಬೆರ್ಚು ಹೋಗಿ ಬೆಚ್ಚು ಆಗಿದೆ. ಹೊಲದಲ್ಲಿ ನಿಲ್ಲಿಸೋ ಬೆದರುಬೊಂಬೆಗೆ ಕೆಲವು ಊರುಗಳಲ್ಲಿ ಬೆರ್ಚಪ್ಪ ಅಂತಾರಲ್ಲ, ಹಳೇ ರೂಪ ಅಲ್ಲಿ ಹಾಗೇ ಉಳಿದಿದೆ. ಬೆರ್ಚಪ್ಪನನ್ನು ಕಂಡ ಹಕ್ಕಿ ಯೋಚನೆ ಮಾಡೋದಿಲ್ಲ, ಪುರ್ರನೆ ಹಾರುತ್ತೆ. ಬೆಚ್ಚುವುದು ಮೈಯ ಕೆಲಸ, ಕ್ಷಣದ ಕೆಲಸ, ಮತ್ತು ಅದರಲ್ಲಿ ಭಯ ಇದ್ದೇ ಇರುತ್ತೆ. ಬಾಗಿಲು ಬಡಿದ ಸದ್ದಿಗೆ ಮಲಗಿದ ಮಗು ಬೆಚ್ಚೋದಕ್ಕೆ ಹಿಂದಿನ ಅನುಮಾನ ಬೇಕಿಲ್ಲ, ನಿಜ. ಆದರೆ ಒಂದು ಹಾಳೆ ನೋಡಿ, ಒಂದು ಮಾತು ಕೇಳಿ ಬೆಚ್ಚಬೇಕಾದರೆ ಒಳಗೆ ಮೊದಲೇ ಒಂದು ಹೆದರಿಕೆ ಕೂತಿರಬೇಕು. ಹಾಳೆ ಅದನ್ನು ಮುಟ್ಟುತ್ತೆ, ಅಷ್ಟೇ.

ದಂಗು ಹೊರಗಿನಿಂದ ಬಂದ ಪದ. ಪಾರಸಿಯಲ್ಲಿ, ಹಿಂದಿಯಲ್ಲಿ ದಂಗ್ ಅಂದರೆ ಬೆರಗಾದವನು. ನಮ್ಮಲ್ಲಿ ಅದಕ್ಕೆ ತಲೆ ಕೆಲಸ ನಿಲ್ಲಿಸಿತು ಅನ್ನೋ ಅರ್ಥ ಬಲವಾಗಿದೆ. ಎದುರಿಗೆ ಬಂದದ್ದಕ್ಕೂ ಇದುವರೆಗೆ ನಂಬಿದ್ದಕ್ಕೂ ತಾಳೆಯೇ ಆಗದಿದ್ದಾಗ ಮನುಷ್ಯ ದಂಗಾಗುತ್ತಾನೆ. ಅದು ಕ್ಷಣದಲ್ಲಿ ಮುಗಿಯೋದಿಲ್ಲ. ಬಾಯಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕು.

ಸ್ತಬ್ಧ ಮತ್ತು ಸ್ತಂಭ ಒಂದೇ ಧಾತುವಿನವು, ಅಂದರೆ ಕಂಬದ ಹಾಗೆ ನಿಂತುಬಿಡೋದು. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ ಮೊದಲನೆಯದೇ ಸ್ತಂಭ. ಅವಾಕ್ಕಾಗು ಅನ್ನೋದರಲ್ಲಿ ವಾಕ್, ಅಂದರೆ ಮಾತು, ಇಲ್ಲ. ದಿಗ್ಭ್ರಮೆಯಲ್ಲಿ ದಿಕ್ಕು ತಪ್ಪಿದೆ. ಇನ್ನು ವಿಸ್ಮಯ. ಅದರ ಒಳಗೆ ಸ್ಮಿತ, ಅಂದರೆ ನಗು, ಕೂತಿದೆ. ಅದಕ್ಕೇ ಅದ್ಭುತ ರಸಕ್ಕೆ ವಿಸ್ಮಯ ಸ್ಥಾಯಿಭಾವ, ಭಯಾನಕಕ್ಕೆ ಅಲ್ಲ. ಪಹಣಿ ನೋಡಿ ಯಾರೂ ವಿಸ್ಮಯಗೊಳ್ಳೋದಿಲ್ಲ.

ಇದೇ ಹೊತ್ತಿಗೆ ಇಬ್ಬರು ಗೆಳತಿಯರ ಕತೆಗಳೂ ನನ್ನ ಫೋನಿಗೆ ಬಂದಿದ್ದವು. ನಾವು ಬರೆದದ್ದನ್ನು ಒಬ್ಬರಿಗೊಬ್ಬರು ಕಳಿಸಿ ಬೈಸಿಕೊಳ್ಳೋದು ಹಳೇ ರೂಢಿ.

ಜಗಳೂರಿನವಳ ಕತೆಯಲ್ಲಿ ಎರಡು ಬೋರ್ ಫೇಲ್ ಆಗಿವೆ, ಮೂರನೆಯದು ಕೊರೆಯುತ್ತಿದೆ. ಬೆಳಗಿನಿಂದ ಬರೀ ಬಿಳಿ ಧೂಳು. ಸಂಜೆ ತಟ್ಟನೆ ನೀರು ಚಿಮ್ಮುತ್ತೆ. "ರೈತ ದಿಗ್ಭ್ರಾಂತನಾದ" ಅಂತ ಬರೆದಿದ್ದಳು. ಪೇಪರಿನ ತಲೆಬರಹದ ಅಭ್ಯಾಸ ಇದು. ಅವನಿಗೆ ದಿಕ್ಕು ತಪ್ಪಿಲ್ಲ, ಅಷ್ಟು ದಿನ ತಪ್ಪಿದ್ದ ದಿಕ್ಕು ಈಗ ಸಿಕ್ಕಿದೆ. ಹಾಗೆ ಹೇಳಿದ್ದಕ್ಕೆ ಅವಳು "ಬೆರಗಾಗಿ ನೋಡುತ್ತ ನಿಂತ" ಅಂತ ತಿದ್ದಿದಳು. ಬೆರಗಿನಲ್ಲಿ ಕಣ್ಣು ಅರಳುತ್ತೆ, ನೋಡಿದಷ್ಟೂ ನೋಡಬೇಕು ಅನ್ನಿಸುತ್ತೆ. ಆ ಸಂಜೆಗೆ ಸರಿಯಾದ ಪದ ಅದೇ.

ನ್ಯಾಮತಿಯವಳ ಕತೆಯಲ್ಲಿ ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟುಹೋದ ಅಣ್ಣ ಒಂದು ರಾತ್ರಿ ಬಾಗಿಲಲ್ಲಿ ನಿಂತಿದ್ದಾನೆ. ತಂಗಿ ಬಾಗಿಲು ತೆಗೆದು ಒಂದೇ ಸಾಲಿನಲ್ಲಿ ಬೆಚ್ಚಿಬಿದ್ದು, ದಂಗಾಗಿ, ಸ್ತಬ್ಧಳಾಗಿ, ಅವಾಕ್ಕಾಗುತ್ತಾಳೆ. ಮುಂದಿನ ಸಾಲಿನಲ್ಲೇ ಅವಾಕ್ಕಾದ ತಂಗಿ "ಅಣ್ಣಾ, ಎಲ್ಲಿ ಹೋಗಿದ್ದೆ ಇಷ್ಟು ದಿನ? ಒಳಗೆ ಬಾ" ಅಂತ ಮಾತಾಡುತ್ತಾಳೆ! ತಪ್ಪು ಹಿಡಿಯೋ ಸುಲಭದ ದಾರಿ ಇದು. ಆಶ್ಚರ್ಯದ ಪದವನ್ನು ಬೆರಳಿನಿಂದ ಮುಚ್ಚಿ, ಮುಂದಿನ ಸಾಲಿನಲ್ಲಿ ಪಾತ್ರ ಏನು ಮಾಡುತ್ತೆ ನೋಡಿ. ಅವಾಕ್ಕಾದವರು ಮಾತಾಡುತ್ತಿದ್ದರೆ, ಸ್ತಬ್ಧರಾದವರು ಓಡುತ್ತಿದ್ದರೆ, ಪದ ಸುಳ್ಳು.

ಅವಳ ಸಾಲಿಗೆ ನಾನು ಹೇಳಿದ್ದು ಇಷ್ಟು. ರಾತ್ರಿ ಹೊತ್ತು ಅಪರಿಚಿತ ಮುಖ ಕಂಡರೆ ಮೊದಲು ಮೈ ಬೆಚ್ಚುತ್ತೆ, ಅದು ಸರಿ. ಗುರುತು ಹತ್ತೋಕೆ ಸ್ವಲ್ಪ ಹೊತ್ತು ಬೇಕು, ಆಗ ದಂಗು. ಉಳಿದೆರಡು ಬೇಡ. ಆ ಎರಡರ ನಡುವೆ ಗುರುತು ಸಿಗುವ ಒಂದು ವಸ್ತು ಇಡು. ಅವಳು ಅಣ್ಣನ ಹುಬ್ಬಿನ ಮೇಲಿನ ಹಳೇ ಗಾಯದ ಗೆರೆ ಇಟ್ಟಳು. ಬೆಚ್ಚಿದಳು, ಗೆರೆ ಕಂಡಳು, ದಂಗಾದಳು. ಓದುವವರಿಗೂ ಅದೇ ಕ್ರಮದಲ್ಲಿ ಗೊತ್ತಾಗುತ್ತೆ.

ಬೇರೆಯವರ ಕತೆ ತಿದ್ದೋದು ಸುಲಭ. ನನ್ನದಕ್ಕೆ ಬಂದಾಗ "ದಂಗಾದಳು" ತೆಗೆದು "ಬೆಚ್ಚಿದಳು" ಹಾಕಿದರೆ ಸಾಲಲಿಲ್ಲ. ಬೆಚ್ಚೋಕೆ ಕಾರಣ ಹಿಂದಿನ ಪುಟದಲ್ಲೇ ಇರಬೇಕಲ್ಲ. ಹಾಗಾಗಿ ತಿಥಿಯ ದಿನಕ್ಕೆ ವಾಪಸ್ ಹೋದೆ. ಚೇಣಿದಾರ ಬರುತ್ತಾನೆ, ಎಲೆ ಮುಂದೆ ಕೂತು ಊಟ ಮಾಡುತ್ತಾನೆ, ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ "ಬರ್ತೀನಮ್ಮ" ಅಂತಾನೆ. ಪ್ರತಿ ವರ್ಷ ಕೇಳುತ್ತಿದ್ದ ಅಡ್ವಾನ್ಸಿನ ಮಾತು ಕೇಳೋದಿಲ್ಲ. ಗಿರಿಜಮ್ಮ ಅವನ ಬೆನ್ನನ್ನು ನೋಡುತ್ತಾ ನಿಲ್ಲುತ್ತಾಳೆ. ಅಲ್ಲಿ ಅನುಮಾನ ಅನ್ನೋ ಪದವನ್ನೂ ಹಾಕಲಿಲ್ಲ.

ಆಮೇಲೆ ಕೌಂಟರಿನ ದೃಶ್ಯ ಹೀಗಾಯಿತು: "ಹುಡುಗ ಹಾಳೆ ಚಾಚಿದ. ಗಿರಿಜಮ್ಮ ಕನ್ನಡಕ ಸರಿ ಮಾಡಿಕೊಂಡು ಹೆಸರು ಹುಡುಕಿದಳು. ಬೆಚ್ಚಿದಳು. ಹಾಳೆ ಮಡಚಿ ಸೆರಗಿನೊಳಗೆ ಇಟ್ಟುಕೊಂಡು, ಎಷ್ಟಪ್ಪಾ, ಅಂತ ಕೇಳಿದಳು."

ಕತೆಗೆ ಇನ್ನೊಂದು ಗುಟ್ಟು ಉಳಿದಿತ್ತು. ಗಂಡ ತೋಟ ಮಾರಿದ್ದು ಯಾಕೆ? ಎರಡು ವರ್ಷದ ಹಿಂದೆ ಗಿರಿಜಮ್ಮನ ಆಪರೇಷನ್ ಆಗಿತ್ತು. "ಸೊಸೈಟೀಲಿ ಸಾಲ ಸಿಕ್ತು, ನೀನು ಯೋಚನೆ ಮಾಡಬ್ಯಾಡ" ಅಂದಿದ್ದರು ಯಜಮಾನರು. ಕ್ರಯಪತ್ರದ ನಕಲು ತೆಗೆಸಿದಾಗ ಅದರ ತಾರೀಕು, ಆಪರೇಷನ್ನಿನ ಹಿಂದಿನ ವಾರದ್ದು. ಇಲ್ಲಿ ಮಾತ್ರ ದೊಡ್ಡಮ್ಮನಿಗೆ ನಿಜವಾಗಲೂ ಏನೂ ಗೊತ್ತಿರಲಿಲ್ಲ. ಗಂಡ ಎಲ್ಲೋ ಸಾಲ ಮಾಡಿ ಸೋತಿರಬೇಕು ಅಂದುಕೊಂಡಿದ್ದರು. ಅಂದರೆ ದಂಗಾಗಬೇಕಾದ ಜಾಗ ಇದು. ನಾನು ಆ ಪದವನ್ನು ಮೊದಲೇ ಖರ್ಚು ಮಾಡಿ ಕೂತಿದ್ದೆ.

ಹಾಗಂತ ಇಲ್ಲಿ "ದಂಗಾದಳು" ಅಂತ ಬರೆದರೂ ಸಪ್ಪೆಯೇ ಆಗುತ್ತಿತ್ತು. ಮೊಪಾಸಾ 1884ರಲ್ಲಿ ಬರೆದ ನೆಕ್ಲೇಸಿನ ಕತೆ ನಿಮ್ಮಲ್ಲಿ ಕೆಲವರು ಇಂಗ್ಲಿಷ್ ಪಾಠದಲ್ಲಿ ಓದಿರಬಹುದು. ಗೆಳತಿಯಿಂದ ಸಾಲ ತಂದ ಸರ ಕಳೆದುಹೋಗಿ, ಬದಲಿ ಸರ ಕೊಡಿಸಿದ ಸಾಲ ತೀರಿಸೋಕೆ ಗಂಡ ಹೆಂಡತಿ ಹತ್ತು ವರ್ಷ ದುಡಿಯುತ್ತಾರೆ. ಕೊನೆಗೆ ಆ ಗೆಳತಿ, ಅಸಲಿಗೆ ಆ ಸರ ನಕಲಿಯಾಗಿತ್ತು ಅಂತ ಹೇಳುತ್ತಾಳೆ. ಕತೆ ಅಲ್ಲೇ ಮುಗಿಯುತ್ತೆ. ಕೇಳಿಸಿಕೊಂಡ ಹೆಂಗಸು ಏನಾದಳು ಅಂತ ಒಂದು ಪದವೂ ಇಲ್ಲ. ದಂಗಾಗುವ ಕೆಲಸವನ್ನು ಓದುವವರಿಗೆ ಬಿಟ್ಟಿದ್ದಾನೆ. ಗುಟ್ಟು ಪಾತ್ರಕ್ಕೂ ಓದುವವರಿಗೂ ಒಟ್ಟಿಗೇ ತಿಳಿಯುವಾಗ ಇದು ನಡೆಯುತ್ತೆ. ಓದುವವರಿಗೆ ಮೊದಲೇ ಗೊತ್ತಿದ್ದು ಪಾತ್ರಕ್ಕೆ ಮಾತ್ರ ಆಗ ಗೊತ್ತಾಗುವುದಾದರೆ, ಪಾತ್ರ ಏನಾಯಿತು ಅಂತ ಬರೆಯಲೇಬೇಕು. ನಾವು ಕಾಯುತ್ತಿರೋದೇ ಅದಕ್ಕೆ.

ನನ್ನ ಕತೆಯಲ್ಲಿ ಎರಡೂ ಕಡೆ ಒಟ್ಟಿಗೇ ತಿಳಿಯುತ್ತೆ. ಹಾಗಾಗಿ ತಾರೀಕು ಬರೆದು ನಿಲ್ಲಿಸಿದೆ.

ಹೋದ ಭಾನುವಾರ ಫೋನಿನಲ್ಲಿ ಹೊಸ ರೂಪ ಓದಿದೆ. ಬೆಚ್ಚಿದಳು ಅನ್ನೋ ಕಡೆ ದೊಡ್ಡಮ್ಮ "ಹ್ಞಾಂ" ಅಂದರು. ತಾರೀಕಿನ ಸಾಲು ಮುಗಿದ ಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ ಆಯ್ತೇನೋ ಅಂತ "ದೊಡ್ಡಮ್ಮಾ?" ಅಂದೆ.

"ಐದೀನಿ ಕಣೇ" ಅಂದರು. "ಅಷ್ಟೇ ಸಾಕು. ಮುಂದೆ ಬರೀಬ್ಯಾಡ."