ಬಾರದ ಬಿಲ್ಲಿನ ಲೆಕ್ಕ

ಹಾಸನದ ನಮ್ಮ ಮನೆಯಲ್ಲಿ ಕರೆಂಟಿನ ಮೀಟರ್ ಓದುವವರು ಬಂದರೆ ಅಪ್ಪ ಹಳೆಯ ಬಿಲ್ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದರು. ಹೊಸ ಅಂಕಿಯಿಂದ ಹಳೆಯ ಅಂಕಿ ಕಳೆದು, ಬಿಲ್ ಕೈಗೆ ಬರುವ ಮೊದಲೇ ಎಷ್ಟಾಯಿತು ಎಂದು ಹೇಳಿಬಿಡುತ್ತಿದ್ದರು. ಎರಡು ವರ್ಷದ ಹಿಂದೆ ದೆಹಲಿಯ ಓಖ್ಲಾದ ಕಚೇರಿಯಲ್ಲಿ ಅದೇ ಕಳೆಯುವ ಲೆಕ್ಕ ನನಗೆ ಬೇಕಾಯಿತು. ನನ್ನ ಕೆಲಸ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಿಕೊಳ್ಳುವುದು, ಮೀಟರ್ ನೋಡುವುದಲ್ಲ. ಆದರೆ ಆ ಜೂನ್‌ನಲ್ಲಿ ನಮ್ಮ ರಾತ್ರಿ ಪಾಳಿಯ ಹುಡುಗರಿಗೆ ಎಂಟು ಗಂಟೆಯ ನಂತರ ಎಸಿ ಬಂದ್ ಮಾಡಬೇಕು ಎಂಬ ಆದೇಶ ಬಂತು. ಕಾರಣ, ಮೇ ತಿಂಗಳಿಗಿಂತ ಜೂನ್‌ನಲ್ಲಿ ಕರೆಂಟಿನ ಖರ್ಚು ಒಮ್ಮೆಲೇ ಏರಿದೆ ಎಂದು ವರದಿ ತೋರಿಸಿತ್ತು. ಆ ವರದಿ ಹೊರಟದ್ದು ನಾನು ನೋಡಿಕೊಳ್ಳುವ ಸಿಸ್ಟಮ್‌ನಿಂದಲೇ.

ನಮ್ಮ ಎಲೆಕ್ಟ್ರಿಷಿಯನ್ ಮಥುರಾ ಕಡೆಯವರು. ಅವರು ಒಂದೇ ಮಾತು ಹೇಳಿದರು: "ಸರ್ ಜೀ, ಮೀಟರ್ ತೋ ಇತನಾ ನಹೀ ಭಾಗಾ." ಮೀಟರ್ ಅಷ್ಟು ಓಡಿಲ್ಲ ಅಂದರೆ ಓಡಿದ್ದು ಲೆಕ್ಕ. ಅಲ್ಲಿಂದ ಹುಡುಕತೊಡಗಿದೆ.

ತೊಂದರೆಯ ಮೂಲ ಸರಳ. ನಮ್ಮ ಕರೆಂಟಿನ ಬಿಲ್ ತಿಂಗಳ 14ರಿಂದ ಮುಂದಿನ 14ರವರೆಗೆ ಬರುತ್ತದೆ, ಲೆಕ್ಕದ ಪುಸ್ತಕ ಮುಚ್ಚುವುದು 30 ಅಥವಾ 31ಕ್ಕೆ. ಮೇ 14ರಿಂದ 31ರವರೆಗೆ 17 ದಿನ ಎಸಿ ಓಡಿದೆ, ಲೈಟ್ ಉರಿದಿದೆ, ಆದರೆ ಅದರ ಬಿಲ್ ಜೂನ್ ಮಧ್ಯಕ್ಕೆ ಮೊದಲು ಬರುವುದಿಲ್ಲ. ಹಣ ಕೊಟ್ಟಾಗಲ್ಲ, ಖರ್ಚಾದಾಗಲೇ ಬರೆಯಬೇಕು ಎಂಬುದು ಕಂಪನಿಗಳಿಗಿರುವ ನಿಯಮ. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಇದನ್ನು ಹೇಳುತ್ತದೆ. ಹಾಗಾಗಿ ಆ 17 ದಿನದ ಖರ್ಚನ್ನು ಅಂದಾಜು ಮಾಡಿ ಮೇ ತಿಂಗಳಿಗೇ ಹಾಕಬೇಕು. ನಮ್ಮಲ್ಲಿ ಹಾಕುತ್ತಲೂ ಇದ್ದರು, ಆದರೆ ಹಿಂದಿನ ಬಿಲ್ಲನ್ನು 30ರಿಂದ ಭಾಗಿಸಿ 17ರಿಂದ ಗುಣಿಸಿ.

ಬೆಂಗಳೂರಿನಲ್ಲಿ ಈ ವಿಧಾನ ಒಂದಿಷ್ಟು ನಡೆದೀತು. ದೆಹಲಿಯಲ್ಲಿ ಏಪ್ರಿಲ್ ಮಧ್ಯದ ಹವೆಗೂ ಮೇ ಕೊನೆಯ ಲೂ ಗಾಳಿಗೂ ಹೋಲಿಕೆಯೇ ಇಲ್ಲ. ಹಿಂದಿನ ಬಿಲ್ಲಿನ ಅರ್ಧ ಭಾಗ ಇನ್ನೂ ಬಿಸಿ ಏರದ ದಿನಗಳದ್ದು. ಅದರ ಸರಾಸರಿಯಿಂದ ಮೇ ಕೊನೆಯನ್ನು ಅಳೆದರೆ ಕಡಿಮೆಯೇ ಬರುತ್ತದೆ. ಅಕ್ಟೋಬರ್‌ನಲ್ಲಿ ಇದು ತಿರುಗಿ, ಹೆಚ್ಚು ಬರುತ್ತದೆ.

ಈಗ ನಮ್ಮ ಲೆಕ್ಕವನ್ನೇ ನೋಡೋಣ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ಸರ್‌ಚಾರ್ಜ್, ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ 12 ರೂಪಾಯಿ. ಸ್ಥಿರ ಶುಲ್ಕ, ಅಂದರೆ ಮಂಜೂರಾದ ಲೋಡಿಗೆ ಬಳಸಿದರೂ ಬಳಸದಿದ್ದರೂ ಕೊಡುವ ಹಣ, ದಿನಕ್ಕೆ 1,200 ರೂಪಾಯಿ ಬೀಳುತ್ತದೆ ಎಂದುಕೊಳ್ಳಿ. ಏಪ್ರಿಲ್ 14ರಂದು ಮೀಟರ್ ಅಂಕಿ 4,812, ಮೇ 14ರಂದು 5,100. ವ್ಯತ್ಯಾಸ 288.

ಇಲ್ಲೊಂದು ಸೂಕ್ಷ್ಮವಿದೆ. ಮನೆಯ ಮೀಟರ್‌ನಲ್ಲಿ 288 ಎಂದರೆ 288 ಯೂನಿಟ್. ದೊಡ್ಡ ಲೋಡಿನ ಕಚೇರಿಯಲ್ಲಿ ಪೂರ್ತಿ ಕರೆಂಟು ಮೀಟರ್ ಮೂಲಕ ಹರಿಯುವುದಿಲ್ಲ. ಸಿಟಿ ಎಂಬ ಸಣ್ಣ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿ ಮೀಟರಿಗೆ ಕೊಡುತ್ತದೆ. ನಮ್ಮದು 200 ಆಂಪಿಯರನ್ನು 5ಕ್ಕೆ ಇಳಿಸುವ ಸಿಟಿ, ಆದ್ದರಿಂದ ಮೀಟರಿನ ಪ್ರತಿ ಅಂಕಿಗೆ 40 ಯೂನಿಟ್. ಈ ಗುಣಕವನ್ನು ಬಿಲ್ಲಿನಲ್ಲಿ ಎಂಎಫ್ ಎಂದು ಬರೆದಿರುತ್ತಾರೆ. ಅಂದರೆ 288 ಅಂಕಿಗೆ 11,520 ಯೂನಿಟ್, 1,38,240 ರೂಪಾಯಿ. 30 ದಿನದ ಸ್ಥಿರ ಶುಲ್ಕ 36,000 ಸೇರಿ ಬಿಲ್ 1,74,240 ರೂಪಾಯಿ.

ಹಳೆಯ ವಿಧಾನದಲ್ಲಿ ದಿನಕ್ಕೆ 5,808 ರೂಪಾಯಿ, 17 ದಿನಕ್ಕೆ 98,736. ಇನ್ನು ಮೀಟರನ್ನೇ ಕೇಳೋಣ. ಮೇ 31ರಂದು ಅದರ ಅಂಕಿ 5,320. ಬಿಲ್ ಆದ 5,100 ಕಳೆದರೆ 220. ಅದನ್ನು 40ರಿಂದ ಗುಣಿಸಿದರೆ 8,800 ಯೂನಿಟ್, 1,05,600 ರೂಪಾಯಿ. 17 ದಿನದ ಸ್ಥಿರ ಶುಲ್ಕ 20,400. ಒಟ್ಟು 1,26,000 ರೂಪಾಯಿ. ನಾವು ಬರೆದದ್ದು 27,264 ರೂಪಾಯಿ ಕಡಿಮೆ.

ಈ ಹಣ ಎಲ್ಲಿಗೂ ಹೋಗುವುದಿಲ್ಲ, ಜೂನ್ ಬಿಲ್ ಬಂದಾಗ ಜೂನ್ ಖರ್ಚಿನೊಳಗೆ ಸೇರಿಕೊಳ್ಳುತ್ತದೆ. ಮೇ ಅಷ್ಟು ಕಡಿಮೆ, ಜೂನ್ ಅಷ್ಟೇ ಹೆಚ್ಚು. ಎರಡು ತಿಂಗಳನ್ನು ಹೋಲಿಸುವವರ ಕಣ್ಣಿಗೆ 54,528 ರೂಪಾಯಿಯ ಏರಿಕೆ ಕಾಣುತ್ತದೆ. ರಾತ್ರಿ ಪಾಳಿಯವರ ಎಸಿ ನಿಂತದ್ದು ಈ ಇಲ್ಲದ ಏರಿಕೆಗೆ.

ಅಂದಾಜನ್ನು ಪುಸ್ತಕಕ್ಕೆ ಹಾಕುವ ಕ್ರಮ ಹೀಗೆ. ಮೇ 31ಕ್ಕೆ ವಿದ್ಯುತ್ ಖರ್ಚಿನ ಖಾತೆಗೆ 1,26,000 ಡೆಬಿಟ್, ಬಿಲ್ ಬರಬೇಕಾದ ಖರ್ಚುಗಳ ಬಾಕಿ ಖಾತೆಗೆ ಅಷ್ಟೇ ಕ್ರೆಡಿಟ್. ಜೂನ್ 1ಕ್ಕೆ ಇದನ್ನೇ ತಿರುವುಮುರುವು ಮಾಡಿ ರದ್ದು ಮಾಡಬೇಕು. ನಮ್ಮ ಎಸ್‌ಎಪಿಯಲ್ಲಿ FBS1ರಲ್ಲಿ ಹಾಕುವಾಗಲೇ ರದ್ದಾಗುವ ದಿನಾಂಕ ಕೊಟ್ಟು, ಆ ದಿನ F.81 ಓಡಿಸುತ್ತೇವೆ. ಜೂನ್ 14ರಂದು ಅಂಕಿ 5,500 ಆಗಿ, 31 ದಿನಕ್ಕೆ 2,29,200 ರೂಪಾಯಿಯ ಬಿಲ್ ಬಂದರೆ ಅದನ್ನು ಪೂರ್ತಿ ಖರ್ಚಿಗೆ ಹಾಕಿ. ರದ್ದಾದ 1,26,000 ಅದರಿಂದ ತಾನೇ ಕಳೆದು, ಜೂನ್‌ನ ಮೊದಲ 14 ದಿನಕ್ಕೆ ಸಲ್ಲಬೇಕಾದ 1,03,200 ಮಾತ್ರ ಉಳಿಯುತ್ತದೆ. ರದ್ದು ಮಾಡಲು ಮರೆತರೆ ಅದೇ 17 ದಿನದ ಖರ್ಚು ಎರಡು ಸಲ ಬಿದ್ದಂತೆ.

ಸರಿಯಾಗಿದೆಯೇ ಎಂದು ತಿಳಿಯಲು ನಾನೀಗ ಒಂದು ಪರೀಕ್ಷೆ ಮಾಡುತ್ತೇನೆ. ಏಪ್ರಿಲ್ 30ರ ಅಂಕಿ 4,956 ಇತ್ತು. ಅಂದಿನ ಬಾಕಿ 144 ಅಂಕಿ ಮತ್ತು 16 ದಿನಕ್ಕೆ 88,320 ರೂಪಾಯಿ. ಮೇ ತಿಂಗಳ ಖರ್ಚು ಎಂದರೆ ಬಂದ ಬಿಲ್ 1,74,240ಕ್ಕೆ ಮೇ ಕೊನೆಯ ಬಾಕಿ 1,26,000 ಕೂಡಿಸಿ, ಏಪ್ರಿಲ್ ಕೊನೆಯ ಬಾಕಿ 88,320 ಕಳೆದದ್ದು: 2,11,920. ಇನ್ನು ಬಿಲ್ಲನ್ನು ಮರೆತು, ತಿಂಗಳ ಕೊನೆಯಿಂದ ತಿಂಗಳ ಕೊನೆಗೆ ಮೀಟರ್ ಮಾತ್ರ ನೋಡಿ. 5,320ರಿಂದ 4,956 ಕಳೆದರೆ 364 ಅಂಕಿ, 14,560 ಯೂನಿಟ್, 1,74,720 ರೂಪಾಯಿ. 31 ದಿನದ ಸ್ಥಿರ ಶುಲ್ಕ 37,200. ಮತ್ತೆ 2,11,920. ಎರಡು ದಾರಿಯೂ ಒಂದೇ ಊರಿಗೆ ಬಂದರೆ ಲೆಕ್ಕ ಸರಿ. ದೊಡ್ಡ ವ್ಯತ್ಯಾಸ ಬಂದರೆ ರದ್ದು ತಪ್ಪಿದೆ, ಅಂಕಿ ತಪ್ಪಿದೆ, ಇಲ್ಲವೇ ದರ ಬದಲಾಗಿದೆ. ದೆಹಲಿಯಲ್ಲಿ ಪಿಪಿಎಸಿ ಎಂಬ ಸರ್‌ಚಾರ್ಜ್ ಆಗಾಗ ಬದಲಾಗುವುದರಿಂದ, ಹಳೆಯ ದರವನ್ನು ಹಾಳೆಯಲ್ಲಿ ಬರೆದಿಟ್ಟು ಮರೆಯುವ ಹಾಗಿಲ್ಲ. ಇತ್ತೀಚಿನ ಬಿಲ್ಲಿನಿಂದಲೇ ತೆಗೆಯಬೇಕು.

ಹೊಸ ಪದ್ಧತಿ ಶುರುವಾದ ಮೊದಲ ತಿಂಗಳೇ ಒಂದು ಎಡವಟ್ಟಾಯಿತು. ಎಲೆಕ್ಟ್ರಿಷಿಯನ್ ಕಳಿಸಿದ ಫೋಟೋದಲ್ಲಿದ್ದ ಅಂಕಿ ಹಿಂದಿನ ಬಿಲ್ಲಿನ ಅಂಕಿಗಿಂತ ಕಡಿಮೆ ಇತ್ತು! ಮೀಟರ್ ಹಿಂದಕ್ಕೆ ಓಡಿರಲಿಲ್ಲ. ಅದರ ಪರದೆ ಕೆಲವು ಸೆಕೆಂಡಿಗೊಮ್ಮೆ ಪುಟ ಬದಲಿಸುತ್ತದೆ. ನಮಗೆ ಬಿಲ್ ಆಗುವುದು kVAh ಪುಟದ ಅಂಕಿಯಲ್ಲಿ, ಅವರು ತೆಗೆದದ್ದು kWh ಪುಟ. kWh ಯಾವಾಗಲೂ kVAh ಅನ್ನು ಮೀರುವುದಿಲ್ಲ, ಪವರ್ ಫ್ಯಾಕ್ಟರ್ 0.9 ಇದ್ದರೆ ಹತ್ತರಲ್ಲೊಂದು ಪಾಲು ಕಡಿಮೆ ತೋರಿಸುತ್ತದೆ. ಆಮೇಲಿಂದ ಫೋಟೋದಲ್ಲಿ ಅಂಕಿಯ ಜೊತೆ ಆ ಅಕ್ಷರಗಳೂ ಕಾಣಬೇಕೆಂದು ಹೇಳಿದೆ. ಹಾಗೆಯೇ, ರೀಡಿಂಗ್ ಸಿಗದೆ ಸರಾಸರಿಯ ಮೇಲೆ ಬಿಲ್ ಬಂದಿದ್ದರೆ ಅದರಲ್ಲಿನ ಕೊನೆಯ ಅಂಕಿ ಮೀಟರಿನದ್ದಲ್ಲ. ಆಗ ಕೊನೆಯ ನಿಜವಾದ ರೀಡಿಂಗ್‌ನಿಂದ ಇಂದಿನವರೆಗೆ ಎಷ್ಟಾಯಿತೆಂದು ನೋಡಿ, ಆ ಸರಾಸರಿ ಬಿಲ್ಲನ್ನು ಅದರಿಂದ ಕಳೆಯಬೇಕು.

ಫೋನಿನ ಬಿಲ್ ಇದರ ತಮ್ಮನಂತೆ, ಆದರೆ ಸ್ವಭಾವ ಬೇರೆ. ನಾನು ಚಿಕ್ಕವನಿದ್ದಾಗ ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ದೂರವಾಣಿ ಬಿಲ್ಲಿನಲ್ಲೂ ಆರಂಭದ ಮೀಟರ್, ಕೊನೆಯ ಮೀಟರ್ ಎಂಬ ಎರಡು ಅಂಕಿ ಇರುತ್ತಿದ್ದವು. ಆ ಮೀಟರ್ ಇರುತ್ತಿದ್ದದ್ದು ಎಕ್ಸ್‌ಚೇಂಜಿನಲ್ಲಿ, ನಮ್ಮ ಗೋಡೆಯ ಮೇಲಲ್ಲ. ಈಗ ಕಚೇರಿಯ ಇಪಿಎಬಿಎಕ್ಸ್ ಯಂತ್ರವೇ ಪ್ರತಿ ಕರೆಯ ದಾಖಲೆ ಇಡುತ್ತದೆ. ಅದೇ ನಮ್ಮ ಮೀಟರ್.

ಫೋನಿನ ಬಾಡಿಗೆ ಮುಂಗಡ, ಕರೆಗಳ ಹಣ ಹಿಂದಿನಿಂದ. ನಮ್ಮ ಬಿಲ್ ತಾರೀಖು 5. ಮೇ 5ರ ಬಿಲ್‌ನಲ್ಲಿ ಜೂನ್ 4ರವರೆಗಿನ 31 ದಿನದ ಬಾಡಿಗೆ 9,300 ರೂಪಾಯಿ ಆಗಲೇ ಇದೆ. ಜೂನ್‌ನ 4 ದಿನದ 1,200 ರೂಪಾಯಿಯನ್ನು ಮೇ ಖರ್ಚಿನಿಂದ ತೆಗೆದು ಮುಂಗಡ ಎಂದು ಇಡಬೇಕು. ಮೇ 5ರಿಂದ 31ರವರೆಗಿನ ಕರೆಗಳಿಗೆ, ಪ್ಲಾನಿನ ಉಚಿತ ಕರೆ ಕಳೆದು, ದಾಖಲೆಯ ಪ್ರಕಾರ 6,200 ರೂಪಾಯಿ ಬಾಕಿ ಬರೆಯಬೇಕು. ಒಂದು ನಮಗೆ ಬರಬೇಕಾದ ಸೇವೆ, ಇನ್ನೊಂದು ನಾವು ಕೊಡಬೇಕಾದ ಹಣ. ಕೂಡಿಸಿ ಕಳೆದು 5,000 ಎಂದು ಒಂದೇ ಸಾಲಿನಲ್ಲಿ ಬರೆದರೆ ಎರಡೂ ಮರೆಯಾಗುತ್ತವೆ.

ಜಿಎಸ್‌ಟಿಯಲ್ಲೂ ವ್ಯತ್ಯಾಸವಿದೆ. ಫೋನಿಗೆ 18 ಶೇಕಡಾ ಜಿಎಸ್‌ಟಿ ಇದೆ. ಅದನ್ನು ಕಂಪನಿ ಇನ್‌ವಾಯ್ಸ್ ಬಂದ ಮೇಲೆ ಕ್ರೆಡಿಟ್ ಆಗಿ ಪಡೆಯುವುದಾದರೆ ಅಂದಾಜಿನಲ್ಲಿ ಸೇರಿಸಬಾರದು. ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ಅದರ ಮೇಲಿನ ವಿದ್ಯುತ್ ತೆರಿಗೆ ಮರಳಿ ಸಿಗುವುದೂ ಇಲ್ಲ, ಹಾಗಾಗಿ ಅದು ಖರ್ಚಿನ ಭಾಗವೇ.

ಆ ಜೂನ್‌ನ ಕೊನೆಯ ವಾರ ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹಣಕಾಸಿನ ಮುಖ್ಯಸ್ಥರ ಮುಂದಿಟ್ಟೆ. ಅವರು ಮೊದಲು ಕೇಳಿದ್ದು, "ಈ 5,320 ಯಾರು ನೋಡಿದ್ದು?" ಎಂದು. ಎಲೆಕ್ಟ್ರಿಷಿಯನ್‌ರ ಡೈರಿಯಲ್ಲಿ ದಿನ ದಿನದ ಅಂಕಿ ಪೆನ್ಸಿಲಿನಲ್ಲಿ ಇತ್ತು. ಯಾರೂ ಕೇಳಿರಲಿಲ್ಲ ಅಷ್ಟೇ. ಅಂದು ರಾತ್ರಿಯೇ ಎಸಿ ಮತ್ತೆ ಶುರುವಾಯಿತು. ಈಗ ತಿಂಗಳ ಕೊನೆಯ ದಿನ ಸಂಜೆ ಏಳಕ್ಕೆ ನನ್ನ ಫೋನಿಗೆ ಒಂದು ಮೀಟರಿನ ಫೋಟೋ ಬರುತ್ತದೆ. ನಾನು ಅಪ್ಪನಂತೆ ಹಳೆಯ ಬಿಲ್ ತೆಗೆದು ಕಳೆಯಲು ಕೂರುತ್ತೇನೆ.