ಗೆದ್ದ ಸ್ಕ್ರೀನ್‌ಶಾಟ್ ಬ್ಯಾಡ, ಕ್ಲೋಸಿಂಗ್ ರೇಟು ತೋರ್ಸು

ಐಪಿಎಲ್ ಶುರುವಾಯ್ತು ಅಂದ್ರೆ ನಮ್ಮ ಹಾಸ್ಟೆಲ್‌ನಾಗ ಫ್ಲೋರಿಗೊಬ್ಬ ಎಕ್ಸ್‌ಪರ್ಟ್ ಹುಟ್ಟಿಕೊಳ್ತಾನೆ. ನನ್ನ ರೂಮ್‌ಮೇಟೂ ಅಂಥವನೇ ಆಗಿದ್ದ. ತಿಕೋಟಾ ಕಡೆಯ ಹುಡುಗ, ಮನೆಯಲ್ಲಿ ದ್ರಾಕ್ಷಿ ತೋಟ. ಬೆಟ್ಟಿಂಗ್ ಅಪರಾಧ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವನ ಮಾತು ಒಂದೇ: "ಲೇ, ನಂದು ಲಕ್ ಅಲ್ಲಲೇ. ಪಿಚ್ ನೋಡ್ತೀನಿ, ಟೀಮ್ ನೋಡ್ತೀನಿ, ಸ್ಟಡಿ ಮಾಡಿ ಹಾಕ್ತೀನಿ."

ಮೊದಲ ಸೀಸನ್ನಿನಲ್ಲಿ ಅವನ ಬಳಿ ಪುರಾವೆಯೂ ಇತ್ತು. 70 ಬೆಟ್, ಪ್ರತಿ ಬೆಟ್ಟಿಗೆ 100 ರೂಪಾಯಿ, ಅದರಲ್ಲಿ 41 ಗೆಲುವು. ಹೆಚ್ಚು ಕಡಿಮೆ ಸಮಬಲದ ಪಂದ್ಯಗಳನ್ನೇ ಆರಿಸಿಕೊಳ್ತಿದ್ದ. ಸಿಕ್ಕ ರೇಟು ಸರಾಸರಿ 1.91, ಅಂದರೆ 100 ಹಾಕಿ ಗೆದ್ದರೆ ಅಸಲು ಸೇರಿ 191 ರೂಪಾಯಿ ವಾಪಸ್. ಲೆಕ್ಕ ಸುಲಭ ಆಗಲಿ ಅಂತ ಎಲ್ಲ ಬೆಟ್ಟಿಗೂ ಅದೇ ರೇಟು ಹಿಡಿದರೆ ಲಾಭ 831 ರೂಪಾಯಿ. ದೊಡ್ಡ ಮೊತ್ತ ಅಲ್ಲ ಬಿಡ್ರಿ. ಆದರೆ ಅದರಿಂದ ಹುಟ್ಟಿದ ನಂಬಿಕೆ ದೊಡ್ಡದಿತ್ತು. ಮುಂದಿನ ಸೀಸನ್ನಿಗೆ ಬೆಟ್ಟಿಗೆ 2,000 ಹಾಕಿದ. ಆ ದುಡ್ಡು ಕಾಲೇಜು ಫೀಸಿಗೆ ಅಂತ ಅಪ್ಪ ಕೊಟ್ಟಿದ್ದು. ಆ ಸಲ 70ರಲ್ಲಿ ಗೆದ್ದದ್ದು 31. ಹೋದದ್ದು 21,580 ರೂಪಾಯಿ.

ಎಲ್ಲರೂ ಹೇಳಿದ್ದು, "ಈ ಸಲ ಲಕ್ ಕೈಕೊಟ್ತು." ನಾನು ಇಲ್ಲಿ ವಾದಿಸೋದು ಅದರ ವಿರುದ್ಧ. ಅವನ ಲಕ್ ಕೈಕೊಟ್ಟಿರಲಿಲ್ಲ. ಎರಡೂ ಸೀಸನ್ ಕೂಡಿಸಿದರೆ 140ರಲ್ಲಿ 72 ಗೆದ್ದಿದ್ದ, ಅಂದರೆ ಅರ್ಧಕ್ಕಿಂತ ಜಾಸ್ತಿ. ಎರಡೂ ವರ್ಷ 100 ರೂಪಾಯಿಯೇ ಹಾಕಿದ್ದರೆ ಹೋಗ್ತಿದ್ದದ್ದು 250 ರೂಪಾಯಿಗೂ ಕಮ್ಮಿ. ಅವನನ್ನು ಮುಳುಗಿಸಿದ್ದು ಎರಡನೇ ಸೀಸನ್ನಿನ ಸೋಲಲ್ಲ, ಮೊದಲನೇ ಸೀಸನ್ನಿನ ಗೆಲುವನ್ನು ಜಾಣತನ ಅಂತ ಓದಿಕೊಂಡದ್ದು.

ಆ ಗೆಲುವು ಎಷ್ಟು ಅಪರೂಪದ್ದು ಅಂತ ನೋಡ್ರಿ. ಹಾಸ್ಟೆಲಿನ 100 ಹುಡುಗರು ಕ್ರಿಕೆಟ್ ನೋಡದೇ, ಬರೀ ನಾಣ್ಯ ಚಿಮ್ಮಿ, 1.91 ರೇಟಿನಲ್ಲಿ 70 ಬೆಟ್ ಹಾಕಿದರು ಅಂತ ಇಟ್ಕೊಳ್ಳೋಣ. ಲಾಭಕ್ಕೆ ಕನಿಷ್ಠ 37 ಗೆಲುವು ಬೇಕು. ಬೈನಾಮಿಯಲ್ ಲೆಕ್ಕ ಹಾಕಿದರೆ ಸುಮಾರು 36 ಹುಡುಗರು ಲಾಭದಲ್ಲಿ ಮುಗಿಸ್ತಾರೆ. 41 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವವರು ಸುಮಾರು ಒಂಬತ್ತು ಮಂದಿ. ಆ ಒಂಬತ್ತು ಮಂದಿ ಸ್ಕ್ರೀನ್‌ಶಾಟ್ ಹಾಕ್ತಾರೆ, ಉಳಿದವರು ಸುಮ್ಮನಿರ್ತಾರೆ. ನನ್ನ ರೂಮ್‌ಮೇಟ್ ಆ ಒಂಬತ್ತರಲ್ಲಿ ಒಬ್ಬ ಅಲ್ಲ ಅಂತ ಗೆಲುವು-ಸೋಲಿನ ಪಟ್ಟಿ ನೋಡಿ ಹೇಳಲಿಕ್ಕೆ ಆಗೋದೇ ಇಲ್ಲ. ಒಬ್ಬನ ಕೈಯಲ್ಲಿ ನಿಜವಾಗ್ಲೂ ಶೇಕಡಾ 2ರಷ್ಟು ಮೇಲುಗೈ ಇದ್ದರೂ, ಬರೀ ಫಲಿತಾಂಶದಿಂದ ಅದನ್ನು ಎರಡು ಸ್ಟ್ಯಾಂಡರ್ಡ್ ಎರರ್ ಮಟ್ಟಿಗೆ ತೋರಿಸಲು ಸುಮಾರು 9,000 ಬೆಟ್ ಬೇಕು. ಸೀಸನ್ನಿಗೆ 70ರಂತೆ 130 ವರ್ಷ!

ಹಾಗಾದ್ರೆ ಬೇರೆ ಅಳತೆ ಯಾವುದು? ಅವನ ಮನೆಯ ವ್ಯವಹಾರದಲ್ಲೇ ಐತಿ. ಒಣದ್ರಾಕ್ಷಿ ಲಿಲಾವಿನಲ್ಲಿ ಒಬ್ಬ ವ್ಯಾಪಾರಿ ಬೆಳಿಗ್ಗೆ ಕೆಜಿಗೆ 180ಕ್ಕೆ ಕೊಂಡ. ದಿನವೆಲ್ಲ ಬೇರೆಯವರು ಬಂದು, ಮಾಲು ಮೂಸಿ, ಮುಟ್ಟಿ, ಜಗ್ಗಾಡಿ, ಕೊನೆಗೆ ಅದೇ ಮಾಲಿನ ರೇಟು 195ಕ್ಕೆ ನಿಂತಿತು. ಹಬ್ಬದ ಹೊತ್ತಿಗೆ ಅವನಿಗೆ ಲಾಭ ಆಗ್ತದೋ ಇಲ್ಲೋ, ಅದು ಮಳೆ, ಸಾಗಾಟ, ಬೇಡಿಕೆ ಮೇಲೆ ನಿಂತಿದ್ದು. ಆದರೆ ಅವನು ಮಾಲು ಓದುವುದರಲ್ಲಿ ಜಾಣ ಅನ್ನೋದಕ್ಕೆ ಅವತ್ತು ಸಂಜೆಯೇ ಒಂದು ಸಾಕ್ಷಿ ಸಿಕ್ಕಿತು. ನಾಲ್ಕೈದು ಲಿಲಾವಿನಲ್ಲೂ ಹಾಗೇ ಆದರೆ ಅನುಮಾನ ಉಳಿಯೋದಿಲ್ಲ.

ಬೆಟ್ಟಿಂಗಿನಲ್ಲಿ ಆ ಸಂಜೆಯ ರೇಟಿಗೆ ಕ್ಲೋಸಿಂಗ್ ಲೈನ್ ಅಂತಾರೆ: ಮೊದಲ ಬಾಲ್ ಬೀಳುವ ಮುಂಚಿನ ಕೊನೆಯ ರೇಟು. ಅಷ್ಟೊತ್ತಿಗೆ ಟಾಸ್ ಆಗಿರ್ತದೆ, ಹನ್ನೊಂದು ಜನರ ಪಟ್ಟಿ ಬಂದಿರ್ತದೆ, ಪಿಚ್ ಎಲ್ಲರೂ ನೋಡಿರ್ತಾರೆ, ದೊಡ್ಡ ದುಡ್ಡು ಹಾಕುವವರು ತಪ್ಪು ರೇಟನ್ನು ತಿಂದು ಸರಿ ಮಾಡಿರ್ತಾರೆ. ಅದಕ್ಕೇ ದೊಡ್ಡ ಮಾರುಕಟ್ಟೆಗಳಲ್ಲಿ ಈ ಕೊನೆಯ ರೇಟು ನಿಜವಾದ ಸಂಭವನೀಯತೆಗೆ ಬಹಳ ಹತ್ತಿರ ಇರ್ತದೆ. ನೀನು ಕೊಂಡ ರೇಟು ಇದಕ್ಕಿಂತ ಎಷ್ಟು ಚಲೋ ಇತ್ತು ಅನ್ನೋದೇ ಕ್ಲೋಸಿಂಗ್ ಲೈನ್ ವ್ಯಾಲ್ಯೂ. ಪಂದ್ಯ ಯಾರು ಗೆದ್ದರು ಅನ್ನೋದು ಈ ಲೆಕ್ಕದೊಳಗೆ ಬರೋದೇ ಇಲ್ಲ.

ನಾವಿಬ್ಬರೂ ಎರಡು ರಾತ್ರಿ ಕೂತು ಅವನ 140 ಬೆಟ್ಟನ್ನೂ ಎಕ್ಸೆಲ್ಲಿಗೆ ಹಾಕಿದೆವು. ಅವನ ರೇಟು ಸ್ಕ್ರೀನ್‌ಶಾಟಿನಲ್ಲಿ ಇತ್ತು, ಕೊನೆಯ ರೇಟನ್ನು ಹಳೆಯ ರೇಟು ದಾಖಲಿಸಿಡುವ ಒಂದು ತಾಣದಿಂದ ತೆಗೆದೆವು. ಒಂದು ಸಾಲು ಹೀಗಿತ್ತು. ಬೆಂಗಳೂರು-ಚೆನ್ನೈ ಪಂದ್ಯ, ಬೆಳಿಗ್ಗೆ ಬೆಂಗಳೂರಿನ ಮೇಲೆ 1.91ಕ್ಕೆ ಹಾಕಿದ್ದ. ಮೊದಲ ಬಾಲ್ ಹೊತ್ತಿಗೆ ಬೆಂಗಳೂರು 1.83, ಚೆನ್ನೈ 1.99.

"ನೋಡಲೇ, ರೇಟು ನನ್ನ ಕಡಿಗೆ ಇಳಿದೈತಿ! 1.91ನ್ನ 1.83ರಿಂದ ಭಾಗಿಸು, ನಾಕೂವರೆ ಪರ್ಸೆಂಟ್ ಹತ್ರ ಮುಂದ ಅದೀನಿ," ಅಂದ.

ಬಹಳ ಮಂದಿ ಎಡವೋದು ಇಲ್ಲೇ. 1.83ರೊಳಗೆ ಬುಕ್ಕಿಯ ಕಮಿಷನ್ ಕೂತಿದೆ, ಅದನ್ನು ಮೊದಲು ತೆಗೀಬೇಕು. 1ನ್ನು 1.83ರಿಂದ ಭಾಗಿಸಿದರೆ 0.546, 1.99ರಿಂದ ಭಾಗಿಸಿದರೆ 0.503. ಎರಡೂ ಕೂಡಿದರೆ 1 ಬರಬೇಕಿತ್ತು, ಬಂದದ್ದು 1.049. ಆ ಮೇಲಿನ 0.049 ಬುಕ್ಕಿಯ ಪಾಲು. ಬೆಂಗಳೂರಿನ ಭಾಗವನ್ನು ಒಟ್ಟು ಮೊತ್ತದಿಂದ ಭಾಗಿಸಿದರೆ ನಿಜವಾದ ಸಂಭವನೀಯತೆ ಸುಮಾರು 0.521. ಇದನ್ನು ಅವನ 1.91ಕ್ಕೆ ಗುಣಿಸಿದರೆ 0.995. ಅಂದರೆ 100 ರೂಪಾಯಿಗೆ ಸರಾಸರಿ 99 ರೂಪಾಯಿ 50 ಪೈಸೆ ವಾಪಸ್. ಅವನ ಬಳಿಯ ಒಳ್ಳೇ ಬೆಟ್ಟುಗಳಲ್ಲೊಂದು ಇದು, ಅದೂ ಅರ್ಧ ಪರ್ಸೆಂಟ್ ನಷ್ಟ. ಅಂದಹಾಗೆ ಆ ಪಂದ್ಯ ಬೆಂಗಳೂರು ಗೆದ್ದಿತು, ಅವನು ಅವತ್ತು ಪಾರ್ಟಿನೂ ಕೊಟ್ಟಿದ್ದ!

140 ಸಾಲಿನ ಸರಾಸರಿ ಬಂದದ್ದು ಮೈನಸ್ 4.1 ಪರ್ಸೆಂಟ್. ಕಣ್ಣು ಮುಚ್ಚಿ ಹಾಕಿದವನಿಗೆ 1.91ರ ರೇಟಿನಲ್ಲಿ ಮೈನಸ್ 4.5 ಬರಬೇಕು. ಅಂದರೆ ಪಿಚ್ ರಿಪೋರ್ಟು, ಹೆಡ್ ಟು ಹೆಡ್ಡು, ರಾತ್ರಿ ಎರಡರ ತನಕದ ಯೂಟ್ಯೂಬು ಎಲ್ಲ ಸೇರಿ ಗಳಿಸಿದ್ದು ಅರ್ಧ ಪರ್ಸೆಂಟೂ ಅಲ್ಲ. ಅವನು ಓದಿದ್ದೆಲ್ಲ ರೇಟಿನೊಳಗೆ ಮೊದಲೇ ಸೇರಿತ್ತು.

ನನ್ನನ್ನು ಕಾಡೋದು ಏನಂದ್ರೆ, ಇದು ಎಷ್ಟು ಬೇಗ ಗೊತ್ತಾಗ್ತಿತ್ತು ಅನ್ನೋದು. ಗೆಲುವು-ಸೋಲಿನಲ್ಲಿ ಒಂದೊಂದು ಬೆಟ್ ಮೇಲಕ್ಕೆ 91, ಕೆಳಕ್ಕೆ 100 ಜಿಗೀತದೆ, ಆ ಗದ್ದಲದಲ್ಲಿ 2-4 ಪರ್ಸೆಂಟ್ ಕಾಣೋದಿಲ್ಲ. ಆದರೆ ಅವನ ಕ್ಲೋಸಿಂಗ್ ಲೆಕ್ಕದ ಸ್ಟ್ಯಾಂಡರ್ಡ್ ಡೀವಿಯೇಶನ್ ಬರೀ 5 ಪರ್ಸೆಂಟ್ ಸುತ್ತಮುತ್ತ. 20 ಬೆಟ್ಟಿಗೆ ಸ್ಟ್ಯಾಂಡರ್ಡ್ ಎರರ್ ಸುಮಾರು 1.1. ಮೈನಸ್ 4 ಅನ್ನೋದು ಅಲ್ಲಿಂದ ಮೂರೂವರೆ ಪಟ್ಟು ದೂರ. ಮೊದಲ ಸೀಸನ್ನಿನ ಮೂರನೇ ವಾರದಲ್ಲೇ, ಅವನು ಗೆಲ್ತಾ ಇರುವಾಗಲೇ, ಪುಸ್ತಕ ಇದನ್ನು ಹೇಳ್ತಿತ್ತು.

ಈ ಪರೀಕ್ಷೆಗೂ ಗಡಿ ಐತಿ. ಒಂದೇ ಬೆಟ್ಟಿನಿಂದ ಏನೂ ತಿಳಿಯೋದಿಲ್ಲ: ಬೆಳಿಗ್ಗೆ ಹಾಕಿ ಸಂಜೆ ಟಾಸ್ ನಿನ್ನ ಕಡೆ ಬಿದ್ದರೆ ರೇಟು ತಾನಾಗೇ ಚಲೋ ಆಗ್ತದೆ, ಅದು ಜಾಣತನ ಅಲ್ಲ. ಮ್ಯಾಚ್ ನಡೆಯುವಾಗ ಬಾಲ್-ಬಾಲಿಗೆ ಹಾಕುವವರಿಗೆ ಕ್ಲೋಸಿಂಗ್ ಅನ್ನೋದೇ ಇಲ್ಲ, ನಮ್ಮಲ್ಲಿ ಹೆಚ್ಚಿನವರು ಆಡೋದು ಅದನ್ನೇ. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಬುಕ್ಕಿಯ ಬಳಿ ರೇಟು ಕೊಂಡವನಿಗೆ ಈ ಲೆಕ್ಕ ಹೊಂದುತ್ತದೆ, ಟೋಟಿನಲ್ಲಿ ಹಾಕಿದವನಿಗೆ ಹೊಂದೋದಿಲ್ಲ. ಟೋಟಿನಲ್ಲಿ ಎಲ್ಲರ ದುಡ್ಡು ಒಂದೇ ಗುಡ್ಡೆ, ಬೆಳಿಗ್ಗೆ ಹಾಕಿದವನಿಗೂ ಕೊನೇ ನಿಮಿಷದಲ್ಲಿ ಹಾಕಿದವನಿಗೂ ಡಿವಿಡೆಂಡ್ ಒಂದೇ.

ದುಡ್ಡು ಕಮ್ಮಿ ಓಡಾಡುವ ಸಣ್ಣ ಟೂರ್ನಿಗಳಲ್ಲಿ ಕೊನೆಯ ರೇಟನ್ನೂ ನಂಬೋ ಹಾಗಿಲ್ಲ. 2019ರಲ್ಲಿ ಕೆಪಿಎಲ್ ಬೆಟ್ಟಿಂಗ್-ಫಿಕ್ಸಿಂಗ್ ಪ್ರಕರಣದಲ್ಲಿ ಬೆಂಗಳೂರು ಸಿಸಿಬಿ ಆಟಗಾರರನ್ನೂ ಒಬ್ಬ ತಂಡದ ಮಾಲೀಕರನ್ನೂ ಬಂಧಿಸಿದ್ದು ನೆನಪಿರಬೇಕು. ಪಂದ್ಯ ಮೊದಲೇ ಮಾರಾಟವಾಗಿದ್ದರೆ, ಒಳಗಿನ ಸುದ್ದಿ ಇದ್ದವನ ಪುಸ್ತಕ ಈ ಪರೀಕ್ಷೆಯಲ್ಲಿ ಎಲ್ಲರಿಗಿಂತ ಚಂದ ಕಾಣ್ತದೆ. ಅದಕ್ಕೆ ಜಾಣತನ ಅನ್ನೋಣೇನು?

"ಸುಪ್ರೀಂ ಕೋರ್ಟೇ ಸ್ಕಿಲ್ ಅಂದೈತಲ್ಲ" ಅನ್ನುವವರೂ ಇದ್ದಾರೆ. 1996ರ ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ ಅಂತ ತೀರ್ಪು ಬಂದದ್ದು ನಿಜ. ಕೋರ್ಟು ಕೇಳಿಕೊಂಡದ್ದು ಆ ಆಟದಲ್ಲಿ ಕೌಶಲ ಇದೆಯೇ ಅಂತ. ನನ್ನ ರೂಮ್‌ಮೇಟಿನಲ್ಲಿ ಇದೆಯೇ ಅಂತ ಅಲ್ಲ. ಈ ಎರಡು ಪ್ರಶ್ನೆ ಬೇರೆ ಬೇರೆ, ಆ್ಯಪುಗಳ ಜಾಹೀರಾತು ವರ್ಷಗಟ್ಟಲೆ ಎರಡನ್ನೂ ಒಂದೇ ಅಂತ ಮಾರಿದವು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಈಗ ಸ್ಕಿಲ್ ಇರಲಿ ಚಾನ್ಸ್ ಇರಲಿ, ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಕಾನೂನಿನ ವಾದ ಅಲ್ಲಿಗೆ ನಿಂತಿತು. "ನಂದು ಸ್ಟಡಿ" ಅನ್ನುವ ಮಾತು ಮಾತ್ರ ಮೆಸ್ಸಿನಲ್ಲಿ ಇನ್ನೂ ನಿಂತಿಲ್ಲ.

ರೂಮ್‌ಮೇಟ್ ಈಗ ಒಂದು ರೂಪಾಯಿನೂ ಹಾಕೋದಿಲ್ಲ. ಆದರೆ ಚಟ ಪೂರ್ತಿ ಬಿಟ್ಟಿಲ್ಲ. ಬೆಳಿಗ್ಗೆ ತನ್ನ ಟೀಮು, ಅವತ್ತಿನ ರೇಟು ವಹಿಯಲ್ಲಿ ಬರೀತಾನೆ, ಸಂಜೆ ಮೊದಲ ಬಾಲಿಗೆ ಮುಂಚೆ ಪಕ್ಕದಲ್ಲಿ ಎರಡೂ ಟೀಮಿನ ಕೊನೆಯ ರೇಟು ಬರೆದು, ಕಮಿಷನ್ ಕಳೆದು ಲೆಕ್ಕ ಹಾಕ್ತಾನೆ. ಮೊನ್ನೆ 26ನೇ ಸಾಲು ಮುಗೀತು. ಸರಾಸರಿ ಮೈನಸ್ 3.8. ಅದರಲ್ಲಿ 15 ಪಂದ್ಯ ಗೆದ್ದಿದ್ದ. "ದುಡ್ಡು ಹಾಕಿದ್ದರ ಈಗ ಲಾಭದಾಗ ಇರ್ತಿದ್ನಲ್ಲೋ," ಅಂದು ನಕ್ಕು, ವಹಿ ಮುಚ್ಚಿ ಮೆಸ್ಸಿಗೆ ನಡೆದ.