ಬಾಂಡಿನ ಮೇಲೆ ಯಾರ ಹೆಸರು?

2016ರ ಆಗಸ್ಟ್‌ನಲ್ಲಿ ಗ್ರಾಂ ಒಂದಕ್ಕೆ 3,119 ರೂಪಾಯಿಯಂತೆ ವಿತರಣೆಯಾದ ಸಾವರಿನ್ ಗೋಲ್ಡ್ ಬಾಂಡ್ 2024ರ ಆಗಸ್ಟ್ 5ರಂದು 6,938 ರೂಪಾಯಿಯಾಗಿ ಮರಳಿತು. ಎಂಟು ವರ್ಷ ಕಾದವರ ಹಣ ಎರಡು ಪಟ್ಟು ಮೀರಿ ಬೆಳೆದಿತ್ತು. ನಡುವೆ ಬಡ್ಡಿಯೂ ಬಂದಿತ್ತು. ಆದರೆ ಅದೇ ದಿನ, ಅದೇ ಬಾಂಡನ್ನು, ಅಷ್ಟೇ ತೂಕಕ್ಕೆ ಹೊಂದಿದ್ದ ಎರಡು ಮನೆಗಳಲ್ಲಿ ಒಂದು ಆ ಲಾಭದ ಮೇಲೆ ಬಿಡಿಗಾಸೂ ತೆರಿಗೆ ಕಟ್ಟಬೇಕಿರಲಿಲ್ಲ. ಇನ್ನೊಂದು ಲಕ್ಷದ ಹತ್ತಿರ ಕಟ್ಟಬೇಕಾಗಿತ್ತು. ವ್ಯತ್ಯಾಸವಿದ್ದದ್ದು ಪ್ರಮಾಣಪತ್ರದ ಮೇಲಿನ ಹೆಸರಿನಲ್ಲಿ ಮಾತ್ರ.

ಈ ಬಾಂಡಿನ ಸ್ವರೂಪ ಸರಳ. ಸರ್ಕಾರದ ಪರವಾಗಿ ರಿಸರ್ವ್ ಬ್ಯಾಂಕ್ ಗ್ರಾಂ ಲೆಕ್ಕದಲ್ಲಿ ಸಾಲಪತ್ರ ಕೊಡುತ್ತಿತ್ತು. ಅವಧಿ ಎಂಟು ವರ್ಷ. ಐದು ವರ್ಷ ಕಳೆದ ಮೇಲೆ ಬಡ್ಡಿ ಪಾವತಿಯ ದಿನಗಳಂದು ಮಾತ್ರ ಅದನ್ನು ಮೊದಲೇ ಮರಳಿಸಬಹುದು. ಕೊನೆಯಲ್ಲಿ ಸಿಗುವುದು ಅಂದಿನ ಚಿನ್ನದ ಬೆಲೆ. ಬಡ್ಡಿ ಮಾತ್ರ ಮೊದಲು ಹೂಡಿದ ಮೊತ್ತದ ಮೇಲೆಯೇ ನಿಂತಿರುತ್ತದೆ. ಚಿನ್ನ ಏರಿದರೂ ಅದು ಏರದು. 2016ರ ಆ ಕಂತಿನಲ್ಲಿ ಬಡ್ಡಿ ಶೇ 2.75, ಅಂದರೆ ಗ್ರಾಂಗೆ ವರ್ಷಕ್ಕೆ ಸುಮಾರು 86 ರೂಪಾಯಿ. ಕೊನೆಯ ಬೆಲೆಗೆ ಹೋಲಿಸಿದರೆ ಅದು ಶೇ 1.24 ಮಾತ್ರ. ಈ ಬಡ್ಡಿಗೆ ಪ್ರತಿವರ್ಷ ತೆರಿಗೆಯುಂಟು. ಹಾಗಾಗಿ ಬಾಂಡಿನ ನಿಜವಾದ ಸವಲತ್ತು ಇರುವುದು ಬಡ್ಡಿಯಲ್ಲಲ್ಲ, ಅವಧಿ ಮುಗಿದಾಗ ಬರುವ ಲಾಭಕ್ಕೆ ಸಿಗುವ ವಿನಾಯಿತಿಯಲ್ಲಿ.

ಆ ವಿನಾಯಿತಿ ಯಾರಿಗೆ? 2016ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಯ 47ನೇ ಸೆಕ್ಷನ್ನಿಗೆ ಸೇರಿಸಿದ ಉಪವಾಕ್ಯ ಹೇಳಿದ್ದು ಒಂದೇ ಮಾತು: ‘ವ್ಯಕ್ತಿ’ಯು ಬಾಂಡನ್ನು ಮರಳಿಸಿದರೆ ಅದು ವರ್ಗಾವಣೆಯಲ್ಲ, ಆದುದರಿಂದ ಬಂಡವಾಳ ಲಾಭವೂ ಇಲ್ಲ. ಅವಿಭಕ್ತ ಕುಟುಂಬವನ್ನು ಅದು ಹೆಸರಿಸಿಲ್ಲ. ತೆರಿಗೆ ಕಾನೂನಿನಲ್ಲಿ ವ್ಯಕ್ತಿ ಬೇರೆ, ಅವಿಭಕ್ತ ಕುಟುಂಬ ಬೇರೆ. ಜೈನ ಮನೆತನಗಳೂ ಹಿಂದೂ ಅವಿಭಕ್ತ ಕುಟುಂಬವಾಗಿ ಪ್ರತ್ಯೇಕ ಪ್ಯಾನ್ ಪಡೆಯುವ ಪರಿಪಾಠವಿರುವುದರಿಂದ ಈ ಒಂದು ಪದ ಸಮುದಾಯದ ಅನೇಕ ಮನೆಗಳ ತಿಜೋರಿಯನ್ನು ನೇರವಾಗಿ ತಟ್ಟುತ್ತದೆ.

ಪುಣೆಯಲ್ಲಿ ನೆಲೆಸಿದ ಬೆಳಗಾವಿ ಕಡೆಯ ಒಂದು ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ತಾಯಿ ತವರಿನಿಂದ ತಂದ ಹಳೆಯ ಬಳೆ, ಸರಗಳನ್ನು ಮಾರಿ ಬಂದ ಹಣದಲ್ಲಿ 2016ರಲ್ಲಿ 200 ಗ್ರಾಂ ಬಾಂಡ್ ಕೊಳ್ಳಲಾಯಿತು. ಹೂಡಿಕೆ 6,23,800 ರೂಪಾಯಿ. ಮನೆಯ ಲೆಕ್ಕಪರಿಶೋಧಕರ ಸಲಹೆಯಂತೆ ಅರ್ಜಿಯಲ್ಲಿ ಅವಿಭಕ್ತ ಕುಟುಂಬದ ಹೆಸರು ಬಿತ್ತು. ಕರ್ತನಾದ ಹಿರಿಯ ಮಗ ಸಹಿ ಹಾಕಿದ. ಕಾರಣವಿಷ್ಟೆ: ಬಡ್ಡಿ ಮಗನ ಸಂಬಳಕ್ಕೆ ಸೇರಿದರೆ ಶೇ 30ರ ತೆರಿಗೆ, ಕುಟುಂಬದ ಲೆಕ್ಕಕ್ಕೆ ಹೋದರೆ ಉಳಿತಾಯ.

ಎಂಟು ವರ್ಷದ ನಂತರ ಬಂದದ್ದು 13,87,600 ರೂಪಾಯಿ, ಲಾಭ 7,63,800. ಕುಟುಂಬದ ಇತರ ಆದಾಯವೇ ತೆರಿಗೆಯ ಮಿತಿ ದಾಟಿದ್ದರೆ, 2024ರ ಜುಲೈ 23ರಿಂದ ಜಾರಿಗೆ ಬಂದ ನಿಯಮದಂತೆ, ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ 12.5ರ ತೆರಿಗೆ. ಸೆಸ್ ಸೇರಿ 99,294 ರೂಪಾಯಿ. ಇದರ ಎದುರು ಉಳಿದದ್ದೆಷ್ಟು? ವರ್ಷಕ್ಕೆ ಸುಮಾರು 17,155 ರೂಪಾಯಿ ಬಡ್ಡಿಯ ಮೇಲೆ ಶೇ 30ರ ತೆರಿಗೆ ಪೂರ್ತಿ ತಪ್ಪಿತೆಂದೇ ಭಾವಿಸಿದರೂ, ಎಂಟು ವರ್ಷಕ್ಕೆ ಅದು 43,000 ರೂಪಾಯಿಯನ್ನು ಮೀರದು. ತಾಯಿಯ ಹೆಸರಿನಲ್ಲೇ ಕೊಂಡಿದ್ದರೆ? ಅವರಿಗೆ ಬೇರೆ ಆದಾಯ ಹೆಚ್ಚಿಲ್ಲದ ಕಾರಣ ಬಡ್ಡಿಗೂ ತೆರಿಗೆಯಿಲ್ಲ, ಲಾಭಕ್ಕೂ ಇಲ್ಲ. ಆನೆ ಹೋಗುವಾಗ ಸುಮ್ಮನಿದ್ದು ಅಡಿಕೆಗೆ ಕೈಚಾಚಿದಂತಾಯಿತು.

ಇಂಥ ಸಲಹೆ ಕೊಟ್ಟ ಲೆಕ್ಕಪರಿಶೋಧಕರಿಗೆ ಅರಿಯದೆ ಆಯಿತೆಂದು ಹೇಳುವ ಅವಕಾಶವಿಲ್ಲ. ಆ ಕಂತು ಹೊರಬರುವ ಮೊದಲೇ ಕಾಯ್ದೆಯ ಅಕ್ಷರ ಮುದ್ರಿತವಾಗಿತ್ತು. ಎಲ್ಲವನ್ನೂ ಕುಟುಂಬದ ಪ್ಯಾನಿಗೆ ತುಂಬುವುದೇ ಜಾಣತನವೆಂಬ ರೂಢಿ ಅವರ ಕಣ್ಣು ಕಟ್ಟಿತು.

ಆದರೆ ತೆರಿಗೆಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಳೆ ತಾಯಿಯದಾಗಿತ್ತು, ಅದು ಸ್ತ್ರೀಧನ, ಅದರ ಮೇಲೆ ಅವರದೇ ಅಧಿಕಾರ. ಬಾಂಡು ಕುಟುಂಬದ್ದಾಯಿತು. 2005ರ ತಿದ್ದುಪಡಿಯಿಂದ ಮಗಳಿಗೆ ಅವಿಭಕ್ತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ದೊರೆಯಿತು. ಮದುವೆಯಾಗಿ ಬಂದ ಹೆಣ್ಣು ಮಾತ್ರ ಆ ಕುಟುಂಬದ ಸದಸ್ಯೆಯೇ ಹೊರತು ಸಹದಾಯಾದಿಯಲ್ಲ. ತಾನಾಗಿ ವಿಭಜನೆ ಕೇಳಲಾರಳು. ಅವಧಿ ಮುಗಿದ ದಿನ ಹಣ ಬಿದ್ದದ್ದು ಕರ್ತನು ನಡೆಸುವ ಖಾತೆಗೆ. ಕಳ್ಳರಿಂದ ಚಿನ್ನವನ್ನು ಕಾಪಾಡುವ ಕಾಗದವೆಂದು ಕೊಂಡದ್ದು, ಚಿನ್ನವನ್ನು ಅದರ ಒಡತಿಯ ಕೈಯಿಂದಲೇ ತಪ್ಪಿಸಿತು. ಮನೆಯವರೆಲ್ಲ ಸಜ್ಜನರೇ ಇರಬಹುದು. ಸಜ್ಜನಿಕೆ ದಾಖಲೆಯ ಬದಲಿಗೆ ನಿಲ್ಲಲಾರದು.

ಸರ್ಕಾರವೂ ನಿರ್ದೋಷಿಯಲ್ಲ. ಅವಿಭಕ್ತ ಕುಟುಂಬವನ್ನು ಅರ್ಹ ಹೂಡಿಕೆದಾರನೆಂದು ಅದೇ ಕರೆಯಿತು. ಮುಂದೆ ವ್ಯಕ್ತಿಗೆ ವರ್ಷಕ್ಕೆ ನಾಲ್ಕು ಕಿಲೋ ಮಿತಿ ಇಟ್ಟಾಗ ಕುಟುಂಬಕ್ಕೂ ಅಷ್ಟೇ ಇಟ್ಟಿತು. ಬೆಲೆ ಒಂದೇ, ಬಡ್ಡಿ ಒಂದೇ, ಎಂಟು ವರ್ಷದ ಬಂಧನವೂ ಒಂದೇ. ಬಂಧನದ ಪ್ರತಿಫಲ ಮಾತ್ರ ಒಬ್ಬರಿಗೆ. ಕುಟುಂಬಕ್ಕೆ ಪ್ರತ್ಯೇಕ ತೆರಿಗೆ ಮಿತಿಯ ಲಾಭ ಈಗಾಗಲೇ ಇದೆ, ಮತ್ತೆ ವಿನಾಯಿತಿ ಏಕೆಂದು ಕೇಳುವವರಿದ್ದಾರೆ. ವಾದದಲ್ಲಿ ಹುರುಳಿಲ್ಲದಿಲ್ಲ. ಹಾಗಿದ್ದರೆ ಕುಟುಂಬಕ್ಕೆ ಬಾಂಡನ್ನೇ ಮಾರಬಾರದಿತ್ತು. ಮನೆಯ ಚಿನ್ನವನ್ನು ಕಾಗದಕ್ಕೆ ತಿರುಗಿಸಿ ಎಂದು ಕರೆದವರು, ಆ ಕಾಗದ ಯಾರ ಕೈಯಲ್ಲಿ ಏನಾಗುತ್ತದೆಂದು ಅರ್ಜಿಯ ಮೇಲೆಯೇ ದಪ್ಪಕ್ಷರದಲ್ಲಿ ಹೇಳಬೇಕಿತ್ತು.

ಈಗ ತಪ್ಪನ್ನು ತಿದ್ದುವ ದಾರಿಯೂ ಕಿರಿದಾಗಿದೆ. 2026ರ ಬಜೆಟ್ ತಂದ ಬದಲಾವಣೆಯಂತೆ ವಿನಾಯಿತಿ ಸಿಗುವುದು ಮೂಲ ವಿತರಣೆಯಲ್ಲೇ ಕೊಂಡು, ಅವಧಿ ಮುಗಿಯುವವರೆಗೆ ಬಿಡದೆ ಇಟ್ಟುಕೊಂಡ ವ್ಯಕ್ತಿಗೆ ಮಾತ್ರ. ಆದುದರಿಂದ ಕುಟುಂಬದ ಬಾಂಡನ್ನು ಇಂದು ತಾಯಿಯ ಹೆಸರಿಗೆ ವರ್ಗಾಯಿಸಿದರೂ ಅವರು ಮೂಲ ಖರೀದಿದಾರರಾಗುವುದಿಲ್ಲ. ಆ ಬಾಂಡನ್ನಷ್ಟೇ ಹಂಚಿಕೊಳ್ಳೋಣವೆಂದರೆ, ಭಾಗಶಃ ವಿಭಜನೆಯನ್ನು ತೆರಿಗೆ ಕಾನೂನು ಒಪ್ಪುವುದೇ ಇಲ್ಲ.

2024ರ ಫೆಬ್ರುವರಿಯ ನಂತರ ಹೊಸ ಕಂತು ಬಂದಿಲ್ಲ. ಆ ಕೊನೆಯ ಕಂತಿನ ಅವಧಿ 2032ರವರೆಗಿದೆ. ಅಲ್ಲಿಯವರೆಗೆ ಬಾಂಡ್ ಇರುವ ಪ್ರತಿ ಮನೆಯವರೂ ಪ್ರಮಾಣಪತ್ರವನ್ನೋ ಡಿಮ್ಯಾಟ್ ವಿವರವನ್ನೋ ತೆರೆದು, ಹೆಸರನ್ನೂ ಪ್ಯಾನಿನ ನಾಲ್ಕನೆಯ ಅಕ್ಷರವನ್ನೂ ನೋಡಬೇಕು: P ಇದ್ದರೆ ವ್ಯಕ್ತಿ, H ಇದ್ದರೆ ಅವಿಭಕ್ತ ಕುಟುಂಬ. ವ್ಯಕ್ತಿಯದಾದರೆ, ಮೂಲದಲ್ಲೇ ಕೊಂಡಿದ್ದರೆ, ಕೊನೆಯವರೆಗೆ ಕಾಯುವುದರಲ್ಲಿ ಅರ್ಥವಿದೆ. ಕುಟುಂಬದ್ದಾದರೆ ತೆರಿಗೆಯ ದೃಷ್ಟಿಯಿಂದ ಕಾಯುವುದಕ್ಕೆ ಯಾವ ಬಹುಮಾನವೂ ಇಲ್ಲ. ಕೊಂಡು ಹನ್ನೆರಡು ತಿಂಗಳು ಮೀರಿದ್ದರೆ ಷೇರುಪೇಟೆಯಲ್ಲಿ ಮಾರಿದರೂ ಅದೇ ಶೇ 12.5. ಆದುದರಿಂದ ಅಲ್ಲಿನ ಬೆಲೆ ಚಿನ್ನದ ಬೆಲೆಗಿಂತ ಕೆಳಗಿದೆಯೋ ಮೇಲಿದೆಯೋ ನೋಡಿ ನಿರ್ಧರಿಸಬೇಕು. ಕಾಯುವುದಾದರೆ ತೆರಿಗೆಯ ಹಣವನ್ನು ಬೇರೆ ತೆಗೆದಿಡಬೇಕು.

ಮತ್ತು ಆ ಹಣ ಕೈಗೆ ಬಂದ ದಿನ, ಅದು ಯಾರ ಬಳೆಯಿಂದ ಹುಟ್ಟಿತೆಂದು ಕರ್ತನು ಒಮ್ಮೆ ಲೆಕ್ಕ ತೆಗೆಯಬೇಕು. ಸರ್ಕಾರ ತನ್ನ ಪಾಲನ್ನು ಮರೆಯದೆ ವಸೂಲು ಮಾಡುತ್ತದೆ. ಮರೆತುಹೋಗುವುದು ತಾಯಿಯ ಪಾಲು.